ಹುಬ್ಬಿ ಮಳಿಯ ಜಾಡು ಹಿಡಿದು: ತತ್ಸಮ, ತದ್ಭವ ಗುರುತಿಸುವ ಬಗೆ

ಭಾದ್ರಪದದ ಒಂದು ಬೆಳಿಗ್ಗೆ ವಿಜಯಪುರ ಸೀಮೆಯ ಡೋಣಿ ಹೊಳೆ ಸಾಲಿನ ಎರೆ ಹೊಲದ ಬದುವಿನ ಮೇಲೆ ಕೂತಿದ್ದೆ. ಪಕ್ಕದ ಹೊಲದ ಕಾಕಾ ಬಂದರು.

"ಕಾಕಾ, ಈಗ ಯಾವ ಮಳಿ ನಡದೈತ್ರಿ?"

"ಹುಬ್ಬಿ ನಡದೈತಿ ತಮ್ಮಾ. ಉತ್ರಿ ಆದ್ರೂ ಕೈ ಹಿಡಿದ್ರ ಜ್ವಾಳ ಬಿತ್ತೂಣು."

ಹುಬ್ಬಿ, ಉತ್ರಿ. ಪಂಚಾಂಗ ತೆರೆದರೆ ಈ ಎರಡು ಹೆಸರು ಹೀಗೆ ಕಾಣುವುದಿಲ್ಲ. ಅಲ್ಲಿ ಇರುವುದು ಪೂರ್ವಾ ಮತ್ತು ಉತ್ತರಾ. ಹುಬ್ಬಿ, ಉತ್ರಿ ಎರಡರಲ್ಲಿ ಒಂದು ಗಟ್ಟಿ ತದ್ಭವ. ಇನ್ನೊಂದು ತದ್ಭವದ ಹಾಗೆ ಕಾಣುತ್ತದೆ, ಆದರೆ ಅದರ ಕಥೆ ಬೇರೆ. ಈ ವ್ಯತ್ಯಾಸವನ್ನು ನಾವೇ ಕಂಡುಹಿಡಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲು ಎರಡು ಮಾತು. ಸಂಸ್ಕೃತದ ಶಬ್ದ ಇದ್ದ ಹಾಗೇ ಕನ್ನಡದಲ್ಲಿ ಉಳಿದರೆ ಅದು ತತ್ಸಮ: ಸ್ವಾತಿ, ಭೂಮಿ, ಪುಣ್ಯ. ಕನ್ನಡದ ಬಾಯಿಗೆ ಒಗ್ಗುವ ಹಾಗೆ ಬದಲಾದರೆ ತದ್ಭವ: ವರ್ಣ ಹೋಗಿ ಬಣ್ಣ, ಸಂಧ್ಯಾ ಹೋಗಿ ಸಂಜೆ. ಶಾಲೆಯಲ್ಲಿ ನಾವೆಲ್ಲ ಇದನ್ನು ಎರಡು ಸಾಲಿನ ಪಟ್ಟಿಯಾಗಿ ಬಾಯಿಪಾಠ ಮಾಡಿದ್ದೇವೆ. ಪಟ್ಟಿಯಲ್ಲಿ ಇಲ್ಲದ ಶಬ್ದ ಬಂದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಅದನ್ನು ಕಲಿಯಲು ಮಳೆಯ ಹೆಸರುಗಳಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಕಾರಣ ಇಷ್ಟೇ. ಬೇರೆ ಶಬ್ದ ತೆಗೆದುಕೊಂಡರೆ ಅದರ ಸಂಸ್ಕೃತ ಮೂಲ ಯಾವುದು ಅಂತ ಮೊದಲು ಊಹಿಸಬೇಕು. ಆ ಊಹೆಯೇ ತಪ್ಪಾದರೆ ಮುಂದಿನದೆಲ್ಲ ತಪ್ಪು. ಮಳೆಯ ಹೆಸರಿನಲ್ಲಿ ಆ ಕಷ್ಟ ಇಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಅದರ ಹೆಸರೇ ಆಗಿನ ಮಳೆಗೆ. ನಕ್ಷತ್ರಗಳು 27. ಸೂರ್ಯ ಒಂದೊಂದರಲ್ಲೂ 13 ಅಥವಾ 14 ದಿನ ಇರುತ್ತಾನೆ. ಅವುಗಳ ಸಾಲು ಬದಲಾಗುವುದಿಲ್ಲ. ಮಘಾ ಆದ ಮೇಲೆ ಬರುವುದು ಪೂರ್ವಾ, ಅಂದರೆ ಪೂರ್ವಫಲ್ಗುನಿ. ಹಾಗಾಗಿ ಮಗಿ ಮಳಿ ಆದ ಮೇಲೆ ಬರುವ ಹುಬ್ಬಿ ಮಳಿ ಪೂರ್ವಾ ಆಗಿರಲೇಬೇಕು. ಮೂಲ ಯಾವುದು ಅನ್ನುವುದನ್ನು ದಿನದ ಲೆಕ್ಕವೇ ಹೇಳುತ್ತದೆ. ಹೇಗೆ ಬದಲಾಯಿತು ಅನ್ನುವುದನ್ನಷ್ಟೇ ನಾವು ನೋಡಬೇಕು.

ಹೆಜ್ಜೆ 1: ಕೇಳಿದ ಹಾಗೇ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪಂಚಾಂಗದ ಹೆಸರು, ಬಲಗಡೆ ಹಿರಿಯರ ಬಾಯಲ್ಲಿ ಕೇಳಿದ ಹೆಸರು. ನಡುವೆ ಅಗಲವಾದ ಖಾಲಿ ಜಾಗ ಬಿಡಿ. ಬದಲಾವಣೆಯ ಮೆಟ್ಟಿಲುಗಳನ್ನು ಅಲ್ಲಿ ಬರೆಯುವುದಿದೆ.

ನಮ್ಮ ಕಡೆ ಕೇಳಿದ್ದು ಹೀಗೆ: ರೋಹಿಣಿಗೆ ರೋಣಿ, ಮೃಗಶಿರಾಕ್ಕೆ ಮಿರಗ, ಆರ್ದ್ರಾಕ್ಕೆ ಆರಿದ್ರ, ಪುಷ್ಯಕ್ಕೆ ಪುಷ್ಯ, ಆಶ್ಲೇಷಾಕ್ಕೆ ಅಸಲಿ, ಮಘಾಕ್ಕೆ ಮಗಿ, ಪೂರ್ವಾಕ್ಕೆ ಹುಬ್ಬಿ, ಉತ್ತರಾಕ್ಕೆ ಉತ್ರಿ, ಚಿತ್ರಾಕ್ಕೆ ಚಿತ್ತಿ, ಸ್ವಾತಿಗೆ ಸ್ವಾತಿ. ನಿಮ್ಮ ಊರಲ್ಲಿ ಸ್ವಲ್ಪ ಬೇರೆ ಇರಬಹುದು. ನಿಮ್ಮ ಊರಿನದನ್ನೇ ಬರೆಯಿರಿ, ತಿದ್ದಬೇಡಿ. "ಶುದ್ಧವಾಗಿ" ಬರೆಯುವ ಆಸೆಗೆ ಬಿದ್ದರೆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಗಾದೆಗಳನ್ನೂ ಬರೆದುಕೊಳ್ಳಿ. "ರೋಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ" ಅನ್ನುತ್ತಾರೆ ಅಲ್ವಾ? ಇಲ್ಲಿ ರೋಹಿಣಿ ಅಂತ ಹಾಕಿ ನೋಡಿ, ಪ್ರಾಸ ಕೆಡುತ್ತದೆ. ಓಣಿಗೆ ಹೊಂದುವುದು ರೋಣಿಯೇ. ಗಾದೆ ಕಟ್ಟಿದವರ ಬಾಯಲ್ಲಿ ಆ ಹೊತ್ತಿಗಾಗಲೇ ನಡುವಿನ ಹಕಾರ ಬಿದ್ದುಹೋಗಿತ್ತು ಅನ್ನುವುದಕ್ಕೆ ಪ್ರಾಸವೇ ಪುರಾವೆ.

ಹೆಜ್ಜೆ 2: ಊರ ಮಾತಿನ ಬಣ್ಣ ತೆಗೆಯಿರಿ

ಜಾಸ್ತಿ ಜನ ಎಡವುವುದು ಇಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಾತಿನಲ್ಲಿ ಶಬ್ದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿ, ಮಳೆ ಮಳಿ, ಎಮ್ಮೆ ಎಮ್ಮಿ. ಇವೆಲ್ಲ ಅಚ್ಚಗನ್ನಡ ಶಬ್ದಗಳು. ಅಂದರೆ ಈ ಬದಲಾವಣೆಗೂ ಸಂಸ್ಕೃತಕ್ಕೂ ಸಂಬಂಧವೇ ಇಲ್ಲ. ಅದು ನಮ್ಮ ಸೀಮೆಯ ರೂಢಿ.

ಆದ್ದರಿಂದ ಯಾವುದೇ ಬದಲಾವಣೆ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಬದಲಾವಣೆ ಅಚ್ಚಗನ್ನಡ ಶಬ್ದಕ್ಕೂ, ನಮ್ಮ ಸೀಮೆಯಲ್ಲಿ ಮಾತ್ರ, ಆಗುತ್ತದೆಯೇ? ಆಗುತ್ತದೆ ಅಂದರೆ ಅದನ್ನು ತದ್ಭವದ ಲೆಕ್ಕಕ್ಕೆ ಹಿಡಿಯಬೇಡಿ.

ಉತ್ರಿಯನ್ನು ಈ ಪ್ರಶ್ನೆಗೆ ಒಡ್ಡೋಣ. ಕೊನೆಯ ಇಕಾರ ತೆಗೆದು ಎಕಾರ ಇಡಿ. ಇನ್ನು ನಡುವಿನ ಸ್ವರ ಬಿದ್ದಿರುವುದು. ಕುದುರೆಗೆ ನಾವು ಕುದ್ರಿ ಅನ್ನುತ್ತೇವೆ, ಅಲ್ಲಿಯೂ ನಡುವಿನ ಸ್ವರ ಹೀಗೇ ಬೀಳುತ್ತದೆ. ಹಾಗಾದರೆ ಇದೂ ಊರ ಮಾತೇ. ಎರಡನ್ನೂ ತೆಗೆದರೆ ಉಳಿಯುವುದು ಉತ್ತರೆ. ಸಂಸ್ಕೃತದ ಉತ್ತರಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೊನೆಯ ಆಕಾರ ಎಕಾರವಾದದ್ದು ಮಾತ್ರ. ಮಾಲಾ ಮಾಲೆಯಾದ, ಸೀತಾ ಸೀತೆಯಾದ ಹಾಗೆ.

ಇಂಥವನ್ನು ಎಲ್ಲಿ ಇಡಬೇಕು? ಶಾಲೆಯ ವ್ಯಾಕರಣ ಇವನ್ನೂ ತದ್ಭವದ ಪಟ್ಟಿಯಲ್ಲೇ ಕೊಡುತ್ತದೆ. ಪರೀಕ್ಷೆ ಬರೆಯುವವರು ಹಾಗೇ ಬರೆಯಿರಿ. ಹಳೆಯ ವ್ಯಾಕರಣದಲ್ಲಿ ಇಂಥವಕ್ಕೆ ಸಮಸಂಸ್ಕೃತ ಎಂಬ ಹೆಸರೂ ಇದೆ. ನನ್ನ ನೋಟ್‌ಬುಕ್ಕಿನಲ್ಲಿ ನಾನು ಇವನ್ನು "ಕೊನೆ ಮಾತ್ರ" ಅಂತ ಬೇರೆ ಗುರುತು ಹಾಕಿ ಇಡುತ್ತೇನೆ. ಕನ್ನಡದ ಸಾಲಿಗೆ ಸೇರಲು ಬಾಲವನ್ನಷ್ಟೇ ತಿದ್ದಿಕೊಂಡ ಶಬ್ದವನ್ನೂ ಒಡಲೇ ಬದಲಾದ ಶಬ್ದವನ್ನೂ ಒಂದೇ ಗುಂಪಿಗೆ ಹಾಕಿದರೆ ಮುಂದೆ ಗೊಂದಲವಾಗುತ್ತದೆ.

ಈ ಹೆಜ್ಜೆಯನ್ನು ಬಿಟ್ಟು ನೇರ ಮುಂದಿನದಕ್ಕೆ ಹೋಗಬೇಡಿ. ಉತ್ರಿಯಲ್ಲಿ "ತ್ರ" ಇದೆ. ಒತ್ತಕ್ಷರ ನೋಡಿ ತತ್ಸಮ ಅಂದುಬಿಡುವ ಹಾಗಿದೆ. ಹಾಗೆ ನೋಡಿದರೆ ಕುದ್ರಿಯೂ ಸಂಸ್ಕೃತವಾಗಬೇಕಿತ್ತು.

ಹೆಜ್ಜೆ 3: ಅಕ್ಷರ ನೋಡಿ

ಈಗ ಬಣ್ಣ ತೆಗೆದ ಶಬ್ದದಲ್ಲಿ ಮೂರು ಗುರುತು ಹುಡುಕಿ. ಖ, ಘ, ಧ, ಭ ಥರದ ಮಹಾಪ್ರಾಣ ಇದೆಯೇ? ಋ, ಶ, ಷ ಇದೆಯೇ? ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರ, ಅಂದರೆ ಸ್ವ, ರ್ದ್ರ, ಷ್ಯ ಥರದ್ದು ಇದೆಯೇ? ಇದ್ದರೆ ಶಬ್ದ ತತ್ಸಮದ ಕಡೆ ವಾಲುತ್ತದೆ. ಸ್ವಾತಿ, ಪುಷ್ಯ ಹೀಗೆ ಮೊದಲ ನೋಟಕ್ಕೇ ಸಿಗುತ್ತವೆ.

ಆದರೆ ಈ ಪರೀಕ್ಷೆಗೆ ಎರಡು ಮಿತಿ ಇದೆ. ಒಂದು, ಗುರುತು ಇದ್ದ ಮಾತ್ರಕ್ಕೆ ಸಂಸ್ಕೃತವಲ್ಲ. ನಮ್ಮ ಕಡೆ ಖರ್ಚು, ಖಾಲಿ, ಶೇಂಗಾ ಎಲ್ಲ ದಿನನಿತ್ಯದ ಮಾತು. ಇವು ಪಾರ್ಸಿ, ಅರಬ್ಬಿ, ಮರಾಠಿ ದಾರಿಯಲ್ಲಿ ಬಂದವು. ಎರಡು, ಗುರುತು ಇಲ್ಲದ ಮಾತ್ರಕ್ಕೆ ತದ್ಭವವಲ್ಲ. ಪಂಚಮಿಯನ್ನು ನೋಡಿ. ಪಂಚಾಂಗದಲ್ಲೂ ಪಂಚಮಿ, ಬಾಯಲ್ಲೂ ಪಂಚಮಿ. ಅದರಲ್ಲಿ ಮಹಾಪ್ರಾಣ ಇಲ್ಲ. ಇರುವ "ಂಚ" ಅನ್ನುವ ಸದ್ದು ಮಿಂಚು, ಹಂಚು ಅನ್ನುವಾಗಲೂ ನಮ್ಮ ಬಾಯಲ್ಲಿದೆ. ಬದಲಾಯಿಸಲು ಏನೂ ಇರಲಿಲ್ಲ, ಹಾಗಾಗಿ ಹಾಗೇ ಉಳಿಯಿತು. ಜಲ, ಕಮಲ ಕೂಡ ಇದೇ ಥರ.

ಹೆಜ್ಜೆ 4: ಪ್ರತಿ ಮೆಟ್ಟಿಲಿಗೂ ಒಂದು ಸಾಕ್ಷಿ

ಇದು ಇಡೀ ಕೆಲಸದ ಬೆನ್ನೆಲುಬು. ಮೂಲ ಶಬ್ದದಿಂದ ಬಾಯಿಮಾತಿನ ಶಬ್ದಕ್ಕೆ ಬರುವಾಗ ಎಷ್ಟು ಅಕ್ಷರ ಬದಲಾಗಿದೆಯೋ ಅಷ್ಟು ಮೆಟ್ಟಿಲು ಬರೆಯಿರಿ. ಒಂದೊಂದು ಮೆಟ್ಟಿಲಿಗೂ ಅದೇ ಬದಲಾವಣೆ ಆದ ಇನ್ನೊಂದು ಶಬ್ದವನ್ನು ಸಾಕ್ಷಿಯಾಗಿ ತನ್ನಿ. ಸಾಕ್ಷಿ ಸಿಗದ ಮೆಟ್ಟಿಲಿನ ಪಕ್ಕ ಪ್ರಶ್ನೆ ಗುರುತು ಹಾಕಿ. ಸುಮ್ನೆ "ಹಾಗೆ ಆಗಿರಬಹುದು" ಅಂತ ಬರೆಯಬೇಡಿ.

ಸುಲಭದ್ದರಿಂದ ಶುರು ಮಾಡೋಣ. ಮಘಾ, ಮಗೆ. ಘಕಾರ ಗಕಾರವಾಗಿದೆ, ಘಂಟೆ ಗಂಟೆಯಾದ ಹಾಗೆ. ಆಕಾರ ಎಕಾರವಾಗಿದೆ, ಮಾಲಾ ಮಾಲೆಯಾದ ಹಾಗೆ. ಎರಡು ಮೆಟ್ಟಿಲು, ಎರಡು ಸಾಕ್ಷಿ. ಮಗೆ ತದ್ಭವ. ಅದರ ಮೇಲೆ ಊರ ಬಣ್ಣ ಬಳಿದರೆ ಮಗಿ.

ಈಗ ಹುಬ್ಬಿ. ಊರ ಬಣ್ಣ ತೆಗೆದರೆ ಹುಬ್ಬೆ. ಮೂಲ ಪೂರ್ವಾ. ಮೇಲ್ನೋಟಕ್ಕೆ ಎರಡಕ್ಕೂ ಒಂದೇ ಒಂದು ಅಕ್ಷರವೂ ಹೊಂದುವುದಿಲ್ಲ. ನಾನು ಮೊದಲ ಸಲ ನೋಡಿದಾಗ ಇದು "ಉಬ್ಬು" ಶಬ್ದದಿಂದ ಬಂದಿರಬೇಕು, ಮೋಡ ಉಬ್ಬಿ ಬರುವ ಮಳೆ ಇರಬೇಕು ಅಂತ ನಂಬಿ, ಹಾಗೇ ಬರೆದೂ ಇಟ್ಟಿದ್ದೆ. ಕೇಳಲು ಚೆನ್ನಾಗಿತ್ತು, ಆದರೆ ತಪ್ಪು. ಮೆಟ್ಟಿಲು ಮೆಟ್ಟಿಲಾಗಿ ಇಳಿದಾಗ ದಾರಿ ತಾನಾಗಿ ಕಂಡಿತು.

ಮೊದಲ ಮೆಟ್ಟಿಲು, "ರ್ವ" ಹೋಗಿ "ಬ್ಬ" ಆದದ್ದು. ಎರಡು ಬೇರೆ ವ್ಯಂಜನ ಸೇರಿದ ಕಡೆ ಒಂದೇ ವ್ಯಂಜನ ಇಮ್ಮಡಿಯಾಗುವುದು ತದ್ಭವದ ದೊಡ್ಡ ಗುರುತು. ವರ್ಣ ಬಣ್ಣವಾದದ್ದು ಹೀಗೆ. ನಮಗೆ ಬೇಕಾದ ನೇರ ಸಾಕ್ಷಿ ಪರ್ವ. ಅದು ಪಬ್ಬ ಆಗಿ, ಮುಂದೆ ಹಬ್ಬ ಆಯಿತು. ಅಲ್ಲಿಯೂ "ರ್ವ" ಹೋಗಿ "ಬ್ಬ".

ಎರಡನೆಯ ಮೆಟ್ಟಿಲು, ಊಕಾರ ಉಕಾರವಾದದ್ದು. ಮುಂದೆ ಇಮ್ಮಡಿ ವ್ಯಂಜನ ಬಂದಾಗ ಹಿಂದಿನ ದೀರ್ಘ ಸ್ವರ ಗಿಡ್ಡವಾಗುತ್ತದೆ. ಕಾರ್ಯ ಕಜ್ಜವಾದಾಗ ಆಕಾರ ಅಕಾರವಾಯಿತು. ಪೂರ್ಣಿಮಾ ಪುಣ್ಣಿಮೆಯಾದಾಗ ಊಕಾರ ಉಕಾರವಾಯಿತು. ಎರಡೂ ಗಟ್ಟಿ ಸಾಕ್ಷಿ.

ಮೂರನೆಯದು ಕೊನೆಯ ಆಕಾರ, ಅದು ಮಗೆಯಲ್ಲಿ ಆಗಲೇ ನೋಡಿದ್ದು. ಇಲ್ಲಿಗೆ ಪೂರ್ವಾ ಪುಬ್ಬೆ ಆಯಿತು.

ನಾಲ್ಕನೆಯದು, ಮೊದಲ ಪಕಾರ ಹಕಾರವಾದದ್ದು. ಪುಬ್ಬೆ ಹುಬ್ಬೆ. ಪುಣ್ಣಿಮೆ ಹುಣ್ಣಿಮೆ. ಪಬ್ಬ ಹಬ್ಬ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪಕಾರ ಹಕಾರವಾಗುವುದು ಅಚ್ಚಗನ್ನಡಕ್ಕೂ ಆಗಿದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹುಬ್ಬು ಅನ್ನುವ ಶಬ್ದವೂ ಹಳೆಗನ್ನಡದ ಪುರ್ಬು. ಕಣ್ಣಿನ ಮೇಲಿನ ಹುಬ್ಬು ಮತ್ತು ಮಳೆಯ ಹುಬ್ಬೆ ಬೇರೆ ಬೇರೆ ಊರಿಂದ ಹೊರಟು ಒಂದೇ ದಾರಿ ಹಿಡಿದು ಪಕ್ಕಪಕ್ಕ ಬಂದು ನಿಂತಿವೆ. ಹಾಗಾದರೆ ಎರಡನೇ ಹೆಜ್ಜೆಯ ಪ್ರಶ್ನೆಯ ಪ್ರಕಾರ ಇದನ್ನೂ ಬಿಡಬೇಕೇ? ಬೇಡ. ಎಕಾರ ಇಕಾರವಾಗುವುದು ನಮ್ಮ ಸೀಮೆಯ ಮಾತು. ಪಕಾರ ಹಕಾರವಾದದ್ದು ಕನ್ನಡದ ಉದ್ದಗಲಕ್ಕೂ ಆದದ್ದು. ಬರಹದ ಕನ್ನಡದಲ್ಲೂ ಹಾಲು, ಹಬ್ಬ, ಹುಣ್ಣಿಮೆ ಎಂದೇ ಇದೆ. ಅದು ಶಬ್ದದ ಇತಿಹಾಸದ ಒಂದು ಮೆಟ್ಟಿಲು.

ಸಾಕ್ಷಿ ಹುಡುಕುವುದೆಲ್ಲಿ ಅಂತ ಕೇಳುವಿರಾದರೆ, ಎರಡು ಕಡೆ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಅನ್ನುವ ಭಾಗವಿದೆ. ಯಾವ ಅಕ್ಷರ ಏನಾಗುತ್ತದೆ ಎಂದು ಅಲ್ಲಿ ಸಾಲಾಗಿ ಸಿಗುತ್ತದೆ. ಇನ್ನೊಂದು 1894ರ ಕಿಟ್ಟೆಲ್ ನಿಘಂಟು. ಅದರಲ್ಲಿ ತದ್ಭವ ಶಬ್ದದ ಪಕ್ಕ ತದ್ಭವ ಎಂಬ ಗುರುತೂ ಮೂಲ ಶಬ್ದವೂ ಇರುತ್ತವೆ. ಮೊದಲು ನೀವೇ ಮೆಟ್ಟಿಲು ಬರೆದು, ಆಮೇಲೆ ನಿಘಂಟು ತೆರೆಯಿರಿ.

ಹೆಜ್ಜೆ 5: ಹಳೆಯದೋ ಹೊಸದೋ

ಪಕಾರ ಹಕಾರವಾಗುವುದು ಶಾಸನಗಳಲ್ಲಿ 10ನೇ ಶತಮಾನದ ಸುಮಾರಿಗೆ ಕಾಣಿಸಿಕೊಂಡು, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಹರಡಿತು. ಹುಬ್ಬೆಗೆ ಈ ಬದಲಾವಣೆ ತಗುಲಿದೆ ಅಂದರೆ, ಆ ಅಲೆ ಬಂದಾಗ ಪುಬ್ಬೆ ಆಗಲೇ ಕನ್ನಡದ ಮನೆಯೊಳಗೆ ಇತ್ತು. ಪಾಲು, ಪುಲಿಗಳ ಜೊತೆ ಸರಿಸಮನಾಗಿ ಬಾಳುತ್ತಿತ್ತು.

ಅದೇ ಸಾಲಿನಲ್ಲಿರುವ ಪುಷ್ಯವನ್ನು ನೋಡಿ. ಅದು ಹುಷ್ಯ ಆಗಲಿಲ್ಲ. ಹಾಗಂತ ಪುಷ್ಯ ತಡವಾಗಿ ಬಂತು ಎಂದು ಬರೆಯಬೇಡಿ. ಪುಣ್ಯ, ಪೂಜೆ ಕೂಡ ಹಳೆಯ ಕಾಲದಿಂದ ಕನ್ನಡದಲ್ಲಿವೆ, ಅವೂ ಪಕಾರ ಬಿಡಲಿಲ್ಲ. ಓದು ಬಲ್ಲವರು ಅಂಥ ಶಬ್ದಗಳನ್ನು ಗ್ರಂಥ ನೋಡಿ ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು. ಹಕಾರ ಇದ್ದರೆ ಶಬ್ದ ಹಳೆಯದು ಎನ್ನಬಹುದು. ಪಕಾರ ಇದ್ದರೆ ಹೊಸದು ಎನ್ನಲಾಗದು. ಈ ಪುರಾವೆ ಒಂದೇ ದಿಕ್ಕಿನದು.

ಒತ್ತಕ್ಷರ ಮುರಿದ ಬಗೆಯಿಂದಲೂ ಶಬ್ದದ ದಾರಿ ತಿಳಿಯುತ್ತದೆ. ಒಂದು ಬಗೆ ಈಗ ನೋಡಿದ್ದು, ಇಮ್ಮಡಿ ಮಾಡುವುದು. ಇನ್ನೊಂದು, ನಡುವೆ ಸ್ವರ ತುರುಕಿ ಬಿಡಿಸುವುದು. ಆರ್ದ್ರಾ ಆರಿದ್ರ ಆದದ್ದು ಎರಡನೆಯ ಬಗೆ. ರತ್ನ ಎರಡೂ ದಾರಿ ಹಿಡಿದಿದೆ. ಸ್ವರ ತುರುಕಿದರೆ ರತುನ, ಇಮ್ಮಡಿ ಮಾಡಿದರೆ ರನ್ನ. 949ರಲ್ಲಿ ಮುದುವೊಳಲು, ಅಂದರೆ ಬಾಗಲಕೋಟೆ ಜಿಲ್ಲೆಯ ಇಂದಿನ ಮುಧೋಳದಲ್ಲಿ ಹುಟ್ಟಿದ ಕವಿಯ ಹೆಸರೇ ರನ್ನ. ಅಷ್ಟು ದೊಡ್ಡ ಕವಿ ತದ್ಭವದ ಹೆಸರನ್ನೇ ಹೊತ್ತಿದ್ದ. ತದ್ಭವ ಅಂದರೆ ಓದಿಲ್ಲದವರ ತಪ್ಪು ಉಚ್ಚಾರ ಅನ್ನುವವರಿಗೆ ನಾನು ಈ ಹೆಸರನ್ನು ತೋರಿಸುತ್ತೇನೆ.

ಮಿರಗ ಕೂಡ ಹೀಗೆ ಎರಡು ದಾರಿಯ ಶಬ್ದ. ಮೃಗಕ್ಕೆ ಹಳೆಗನ್ನಡದ ತದ್ಭವ ಮಿಗ. ಮಳೆಗೆ ಮಾತ್ರ ನಾವು ಮಿರಗ ಅನ್ನುತ್ತೇವೆ. ಒಂದರಲ್ಲಿ ಋಕಾರ ಇಕಾರವಾಗಿದೆ, ಇನ್ನೊಂದರಲ್ಲಿ "ಇರ" ಆಗಿದೆ. ಮರಾಠಿ ಸೀಮೆಯ ರೈತರೂ ಈ ಮಳೆಗೆ ಮಿರಗ ಅನ್ನುವುದನ್ನು ಬೆಳಗಾವಿ ಕಡೆಯವರು ದಿನಾ ಕೇಳುತ್ತಾರೆ. ಒಂದೇ ಮೂಲಕ್ಕೆ ಎರಡು ರೂಪ ಸಿಕ್ಕರೆ ಒಂದನ್ನು ತಪ್ಪು ಅಂತ ಹೊಡೆದುಹಾಕಬೇಡಿ. ಎರಡನ್ನೂ ಬರೆದು ಎರಡು ದಾರಿಯನ್ನೂ ಗುರುತಿಸಿ.

ಹೆಜ್ಜೆ 6: ಹೋಲಿಕೆಗೆ ಮೋಸ ಹೋಗಬೇಡಿ

ನಕ್ಷತ್ರದ ಸಾಲು ಬಿಟ್ಟು ಹೊರಗಿನ ಶಬ್ದಗಳಿಗೆ ಹೋದಾಗ ಈ ಎಚ್ಚರ ಬೇಕು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಒಂದು ಸಾಲು "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್". ಮೊದಲ ಕಲಿಯನ್ನು ಶೂರ ಅನ್ನುವ ಅರ್ಥದಲ್ಲಿ ಓದಿದರೆ ಅದು ಕನ್ನಡದ್ದು. ಕಲಿಯುಗದ ಕಲಿ ಸಂಸ್ಕೃತದ್ದು. ಒಂದೇ ಸಾಲು, ಒಂದೇ ಸದ್ದು, ಎರಡು ಶಬ್ದ. ಅರ್ಥ ಹೊಂದದೆ ಸದ್ದು ಮಾತ್ರ ಹೊಂದಿದರೆ ಜೋಡಿ ಮಾಡಬೇಡಿ.

ಅರ್ಥವೂ ಸದ್ದೂ ಎರಡೂ ಹೊಂದಿದಾಗಲೂ ದಿಕ್ಕು ತಿರುಗುಮುರುಗು ಇರಬಹುದು. ಪಂಚಾಂಗದಲ್ಲಿ ಮೀನ ರಾಶಿ ಇದೆ, ನಮ್ಮ ಬಾಯಲ್ಲಿ ಮೀನು ಇದೆ. ಮೀನದಿಂದ ಮೀನು ಬಂತು ಅನ್ನಿಸುತ್ತದೆ ಅಲ್ವಾ? ಆದರೆ ತಮಿಳು, ಮಲಯಾಳ, ತುಳುವಿನಲ್ಲೂ ಮೀನು ಶಬ್ದ ಇದೆ. ದ್ರಾವಿಡ ಭಾಷೆಗಳಿಂದಲೇ ಸಂಸ್ಕೃತ ಅದನ್ನು ತೆಗೆದುಕೊಂಡಿತು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಆದ್ದರಿಂದ ಯಾವ ಶಬ್ದವನ್ನಾದರೂ ತದ್ಭವ ಅನ್ನುವ ಮೊದಲು ಅಕ್ಕಪಕ್ಕದ ದ್ರಾವಿಡ ಭಾಷೆಗಳಲ್ಲಿ ಅದರ ಅಣ್ಣತಮ್ಮಂದಿರು ಇದ್ದಾರೆಯೇ ನೋಡಿ. ಆರ್ಯದಿಂದ ಅಜ್ಜ ಬಂತು ಅಂತ ಹಲವು ಪಟ್ಟಿಗಳಲ್ಲಿದೆ. ಅಜ್ಜನನ್ನು ದ್ರಾವಿಡ ನಿಘಂಟೂ ತನ್ನ ಮನೆಯವನೆಂದೇ ಎಣಿಸುತ್ತದೆ. ಇಂಥ ಶಬ್ದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ತೀರ್ಪು ಇಲ್ಲ, ಎರಡು ಕಡೆಯ ವಾದವನ್ನೂ ಬರೆದಿಟ್ಟಿದ್ದೇನೆ.

ಮಳೆಯ ಸಾಲಿನಲ್ಲೇ ಒಂದು ಗಂಟು ಇದೆ, ಅಸಲಿ. ಆಶ್ಲೇಷಾದ "ಶ್ಲ" ಬಿಡಿಸಿಕೊಂಡು "ಸಲ" ಆಗಿದೆ. ಶಕಾರ ಸಕಾರವಾಗುವುದಕ್ಕೆ ಶಶಿ ಸಸಿಯಾದದ್ದು ಸಾಕ್ಷಿ. ಕೊನೆಯ "ಷಾ" ಪೂರ್ತಿ ಬಿದ್ದಿದೆ, ಅದಕ್ಕೆ ನನ್ನ ಕೈಯಲ್ಲಿ ಸಾಕ್ಷಿ ಇಲ್ಲ. ಬೇರೆ ಶಬ್ದವಾಗಿದ್ದರೆ ಇಷ್ಟು ದೊಡ್ಡ ಕಂದಕ ನೋಡಿ ಜೋಡಿಯನ್ನೇ ಕೈಬಿಡುತ್ತಿದ್ದೆ. ಇಲ್ಲಿ ಬಿಡುವುದಿಲ್ಲ. ಆಗಸ್ಟ್ ಮೊದಲ ವಾರ, ಪುಷ್ಯ ಮುಗಿದು ಮಗಿ ಶುರುವಾಗುವ ಮೊದಲು ಬರುವ ಮಳೆ ಇನ್ನಾವುದೂ ಅಲ್ಲ. ಆ ಮೆಟ್ಟಿಲಿಗೆ ಪ್ರಶ್ನೆ ಗುರುತು ಹಾಕಿ, ಶಬ್ದವನ್ನು ತದ್ಭವದ ಕಡೆ ಇಟ್ಟಿದ್ದೇನೆ.

ನೀವೇ ಮಾಡಲು

ಮಳೆ ಮುಗಿದರೆ ತಿಥಿ ಹಿಡಿಯಿರಿ. ಅಲ್ಲಿಯೂ ಸಾಲು ಗಟ್ಟಿ, ಮೂಲ ಊಹಿಸಬೇಕಿಲ್ಲ. ಪ್ರತಿಪದಾ ಪಾಡ್ಯ, ದ್ವಿತೀಯಾ ಬಿದಿಗೆ, ತೃತೀಯಾ ತದಿಗೆ, ಚತುರ್ಥೀ ಚೌತಿ. ಬಿದಿಗೆ ಮತ್ತು ತದಿಗೆಯನ್ನು ಪಕ್ಕಪಕ್ಕ ಇಡಿ. "ತೀಯಾ" ಎರಡು ಕಡೆಯೂ "ದಿಗೆ" ಆಗಿದೆ, ಒಂದಕ್ಕೊಂದು ಸಾಕ್ಷಿ. ಉಳಿದದ್ದು "ದ್ವಿ" ಹೇಗೆ "ಬಿ" ಆಯಿತು, "ತೃ" ಹೇಗೆ "ತ" ಆಯಿತು ಅನ್ನುವುದು. ವನ ಬನವಾದದ್ದನ್ನು ನೆನಪಿಟ್ಟುಕೊಂಡು ಮೊದಲನೆಯದನ್ನು ಬಿಡಿಸಿ.

ತಿಥಿಯ ಕೊನೆಗೆ ಕಾರ ಹುಣ್ಣಿವಿ, ಎಳ್ಳ ಅಮಾಸಿ ಸಿಗುತ್ತವೆ. ಹುಣ್ಣಿವಿಯಲ್ಲಿ ಮಕಾರ ವಕಾರವಾಗಿದೆ, ಕುಮಾರ ಕುವರನಾದ ಹಾಗೆ. ಕೊನೆಯ ಇಕಾರ ಯಾರದು ಅಂತ ಈಗ ನಿಮಗೆ ಗೊತ್ತು. ಅಮಾಸಿಯನ್ನು ಅಮಾವಾಸ್ಯಾದವರೆಗೆ ನೀವು ಹತ್ತಿಸಿ.